‘ಇದನ್ನೊಂದು ಸ್ವಲ್ಪ ನೋಡಿಬಿಡು’

ಪ್ರಿಯ ತಂಗಿ,

ನಿನ್ನ ಕಾಗದ ಬಂತು. ಕಥಾಸಂಕಲನದ ಕರಡು ತಿದ್ದುವ ಕೆಲಸವನ್ನು ಹೊಸದಾಗಿ ಸೇರಿದ ಹುಡುಗನಿಗೆ ಏನು ಹೇಳಿ ಕೊಡಲಿ ಎಂದು ಕೇಳಿದ್ದೀಯ. ಮೊದಲು ನನ್ನ ಎಡವಟ್ಟೊಂದನ್ನು ಕೇಳು.

ನಾನಿದ್ದ ಪತ್ರಿಕೆಯ ದೀಪಾವಳಿ ವಿಶೇಷಾಂಕಕ್ಕೆ ಧಾರವಾಡದ ಕಡೆಯ ಕಥೆಯೊಂದು ಬಂದಿತ್ತು. ‘ಇದನ್ನೊಂದು ಸ್ವಲ್ಪ ನೋಡಿಬಿಡು’ ಎಂದು ಆಗಷ್ಟೇ ಸೇರಿದ್ದ ಹುಡುಗಿಯ ಮೇಜಿನ ಮೇಲಿಟ್ಟು ಹೋದೆ. ಪಾಪ, ಎರಡು ದಿನ ಕೂತು ‘ಹೋಗ್ಯಾನ’ ಎಂದಿದ್ದಲ್ಲೆಲ್ಲ ‘ಹೋಗಿದ್ದಾನೆ’ ಮಾಡಿದಳು. ‘ಏನ್ ಮಾಡಾಕತ್ತೀರಿ’ ಎನ್ನುತ್ತಿದ್ದ ಅಜ್ಜಿ ರೇಡಿಯೊ ವಾರ್ತೆ ಓದುವವಳಂತಾಗಿಬಿಟ್ಟಳು. ಅವಳ ತಪ್ಪೇನಿತ್ತು? ನೋಡು ಎಂದಿದ್ದೆ, ಏನನ್ನು ನೋಡಬೇಕೆಂದು ಹೇಳಿರಲಿಲ್ಲ.

ನೀನು ಹೀಗೆ ಬರೆದುಕೊಡು:

‘ಈ 12 ಕಥೆಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಲಾಗಿತ್ತು. ಯೂನಿಕೋಡ್‌ಗೆ ಬದಲಿಸಿದಾಗ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟಿವೆ. ಮೂಲ ಪ್ರತಿ ಪಕ್ಕದಲ್ಲಿಟ್ಟುಕೊಂಡು ಅವನ್ನಷ್ಟೇ ಸರಿಮಾಡು. ಆಡುಮಾತು ಲೇಖಕರದು, ಮುಟ್ಟಬೇಡ. ವಾಕ್ಯವೇ ತಪ್ಪೆನಿಸಿದರೆ ತಿದ್ದದೆ ಅಂಚಿನಲ್ಲಿ ಪ್ರಶ್ನೆಚಿಹ್ನೆ ಹಾಕು. ಶುಕ್ರವಾರ ಸಂಜೆ 4ಕ್ಕೆ ನನಗೆ ಬೇಕು. ಶನಿವಾರ ಲೇಖಕರಿಗೆ ಕಳಿಸಿ, ಅವರು ನೋಡಿದ ಮೇಲೆ ಬುಧವಾರ ಮುದ್ರಣಕ್ಕೆ ಕೊಡಬೇಕು. ಮೊದಲ ಕಥೆ ಮುಗಿದ ಕೂಡಲೇ ತಂದು ತೋರಿಸು.’

ಅಕ್ಷರ ಯಾಕೆ ಕೆಟ್ಟಿದೆ ಎಂಬುದು ಗೊತ್ತಿದ್ದರೆ ಎಲ್ಲಿ ಕಣ್ಣಿಡಬೇಕೆಂದು ಅವನಿಗೇ ಹೊಳೆಯುತ್ತದೆ. ಶುಕ್ರವಾರದ ಬೆನ್ನಿಗೇ ಶನಿವಾರ ಲೇಖಕರಿಗೆ ಕಳಿಸಬೇಕು ಎಂದು ತಿಳಿದವನು, ಕೆಲಸ ಹಿಂದೆ ಬಿದ್ದರೆ ಎರಡು ದಿನ ಮೊದಲೇ ಬಂದು ಹೇಳುತ್ತಾನೆ. ‘ಅರ್ಜೆಂಟ್’ ಎಂದಷ್ಟೇ ಬರೆದರೆ ಓಡೋಡಿ ಮುಗಿಸುತ್ತಾನೆ, ಇಲ್ಲವೇ ನಿನ್ನ ಎಲ್ಲ ಕೆಲಸವೂ ಅರ್ಜೆಂಟೇ ಎಂದು ಸುಮ್ಮನಿರುತ್ತಾನೆ. ಇನ್ನು, ಸೋಮವಾರ ಸಾಕಾಗುವುದನ್ನು ಶುಕ್ರವಾರ ಬೇಕೆಂದು ಸುಳ್ಳು ಹೇಳಬೇಡ. ಒಮ್ಮೆ ಸಿಕ್ಕಿಬಿದ್ದರೆ ನಿನ್ನ ನಿಜವಾದ ಗಡುವನ್ನೂ ಯಾರೂ ನಂಬುವುದಿಲ್ಲ.

ಪ್ರಶ್ನೆ ಕೇಳಿಸುವುದೇ ಕಷ್ಟದ ಭಾಗ. ‘ಡೌಟ್ ಇದ್ದರೆ ಕೇಳು’ ಎಂದರೆ ಹೊಸಬರು ‘ಸರಿ ಮೇಡಂ’ ಎಂದು ತಲೆಯಾಡಿಸಿ ಹೋಗುತ್ತಾರೆ. ಕೇಳಿದರೆ ದಡ್ಡರೆನಿಸಿಕೊಳ್ಳುವ ಭಯ. ಅದರ ಬದಲು, ಮೊದಲ ಕಥೆ ತರುವಾಗ ಅನುಮಾನ ಬಂದ ಮೂರು ಜಾಗಗಳನ್ನು ಗುರುತು ಮಾಡಿಕೊಂಡೇ ಬರಲು ಹೇಳು. ಆಗ ಕೇಳುವುದೂ ಅವನ ಕೆಲಸದ ಪಾಲೇ ಆಗುತ್ತದೆ. ‘ಮಾಡಾಕತ್ತೀರಿ ಅಂದರೇನು’ ಎಂದು ಅವನು ಕೇಳಿದಾಗ ಮಾತ್ರ ನೀನು ಮೊಬೈಲ್ ನೋಡುತ್ತಾ ಉತ್ತರಿಸಬೇಡ. ಎರಡನೇ ಪ್ರಶ್ನೆ ಅಲ್ಲಿಗೇ ಸಾಯುತ್ತದೆ.

ಮರೆತಿದ್ದೆ: ಮೂಲ ಪ್ರತಿ ನಿನ್ನ ಬೀರುವಿನಲ್ಲೇ ಇದೆ ಎಂದು ಬರೆದಿದ್ದೀಯಲ್ಲ, ಬೀಗದ ಕೈ ಅವನಿಗೆ ಕೊಟ್ಟಿದ್ದೀಯ ತಾನೆ?

ನಿನ್ನ ಅಕ್ಕ