ಸೋಮವಾರದ ಪ್ರಾರ್ಥನಾ ಸಭೆಯ ಭಾಷಣ

ಪೋಷಕರೇ, ಎಂಟನೇ ತರಗತಿಯ ಮಕ್ಕಳು ಓದಬೇಕಾದ ಮಾತುಗಳು ಇಲ್ಲಿವೆ. ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿಸಿ. ಬಾಯಿಪಾಠ ಬೇಡ.

“ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಅಂತರ್ಜಲದ ಈ ರೇಖಾನಕ್ಷೆಯಲ್ಲಿ ಸೊನ್ನೆ ಮೇಲಿದೆ. ಅದು ನಾವು ನಿಂತಿರುವ ನೆಲ. ಕೆಳಗಿನ ಅಂಕಿಗಳು ನೀರು ಎಷ್ಟು ಮೀಟರ್ ಆಳದಲ್ಲಿದೆ ಎಂಬುದನ್ನು ತೋರಿಸುತ್ತವೆ. ಗೆರೆ ಪ್ರತಿ ವರ್ಷ ಮಳೆಗಾಲದ ನಂತರ ಏರಿ, ಬೇಸಿಗೆಯ ಕೊನೆಗೆ ಇಳಿಯುತ್ತದೆ. ಆದ್ದರಿಂದ ನವೆಂಬರ್ ಅಳತೆಯನ್ನು ಮೇ ಅಳತೆಯೊಂದಿಗೆ ಹೋಲಿಸಬಾರದು. ಮೇ ತಿಂಗಳಿಗೆ ಮೇ ತಿಂಗಳನ್ನೇ ಹೋಲಿಸಬೇಕು. ಉದಾಹರಣೆಗೆ, ಒಂದು ಮೇ ತಿಂಗಳಲ್ಲಿ 8 ಮೀಟರ್ ಇದ್ದ ಆಳ ಕೆಲವು ವರ್ಷಗಳ ನಂತರ ಅದೇ ತಿಂಗಳಲ್ಲಿ 11 ಆದರೆ, ನೀರು 3 ಮೀಟರ್ ಕುಸಿದಿದೆ.

ಮಲೆನಾಡಿನ ಬಾಗಿಲಾದ ಶಿವಮೊಗ್ಗದಲ್ಲೂ ಬೇಸಿಗೆಯಲ್ಲಿ ನೀರು ಹೀಗೆ ಇಳಿಯುವುದೇಕೆ? ನಮ್ಮ ಕಾಲಡಿಯಲ್ಲಿರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು ಮೇಲಿನ ಸಡಿಲ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ. ಅವು ತುಂಬಿದ ಮೇಲೆ ಸುರಿದ ಮಳೆ ತುಂಗೆಯ ಪಾಲು. ಕೊಳವೆಬಾವಿಗಳು ಬೇಸಿಗೆಯಲ್ಲಿ ಎತ್ತುವುದು ಆ ಸೀಮಿತ ಸಂಗ್ರಹವನ್ನೇ.”

ಮಕ್ಕಳು ಮನೆಯ ಬಾವಿಯನ್ನು ಅಳೆಯುವ ಉತ್ಸಾಹ ತೋರಿಸಿದರೆ ಹಿರಿಯರು ಜೊತೆಗಿರಲಿ. ಪಂಪ್ ನಿಲ್ಲಿಸಿ, ನೀರು ಏರಿ ಸ್ಥಿರವಾದ ಮೇಲೆಯೇ ಅಳೆಯಿರಿ. ಪಂಪ್ ಓಡುತ್ತಿರುವಾಗ ಅಳೆದರೆ ಇಲ್ಲದ ಕುಸಿತ ಕಾಣುತ್ತದೆ.