ಸರ್ಟಿಫಿಕೇಟ್ ರಿಜೆಕ್ಟ್ ಆಗಿದ್ದನ್ನು ಹೇಳದೆ ಅಮ್ಮನ ಪಿಂಚಣಿ ನಿಲ್ಲಿಸಿದರು: ತುಮಕೂರು ಲೋಕಸಭಾ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನನ್ನ ಅಮ್ಮನಿಗೆ 81 ವರ್ಷ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಗುಬ್ಬಿ, ತಿಪಟೂರು ಕಡೆ ಬಿಸಿಲಲ್ಲಿ ಹಳಿ ಕಾದವರು. ಅವರು ತೀರಿಕೊಂಡ ಮೇಲೆ ಅಮ್ಮನಿಗೆ ಫ್ಯಾಮಿಲಿ ಪಿಂಚಣಿ ಬರುತ್ತಿದೆ. ಖಾತೆ ತುಮಕೂರಿನ ಒಂದು ಬ್ಯಾಂಕಿನಲ್ಲಿದೆ. ಅಮ್ಮ ಈಗ ನಾಗಪುರದಲ್ಲಿ ನನ್ನ ತಂಗಿಯ ಮನೆಯಲ್ಲಿದ್ದಾಳೆ.

ಬದುಕಿದ್ದೇನೆ ಅಂತ ತೋರಿಸಲು ವರ್ಷಕ್ಕೊಮ್ಮೆ ಲೈಫ್ ಸರ್ಟಿಫಿಕೇಟ್ ಕೊಡಬೇಕು ಅನ್ನುವುದಕ್ಕೆ ನನ್ನ ತಕರಾರಿಲ್ಲ. ಪಿಂಚಣಿದಾರರು ತೀರಿಕೊಂಡಿದ್ದನ್ನು ಮನೆಯವರು ತಿಳಿಸದಿದ್ದರೆ ಹಣ ಸುಮ್ನೆ ಖಾತೆಗೆ ಬೀಳುತ್ತಲೇ ಇರುತ್ತದೆ. ಆಮೇಲೆ ಅದನ್ನು ವಾಪಸ್ ಪಡೆಯುವುದು ಕಷ್ಟ. ಅದು ಸರ್ಕಾರದ ದುಡ್ಡು, ಲೆಕ್ಕ ಬೇಕು. ಒಪ್ಪಿದೆ.

ನಾವು ಲೆಕ್ಕ ಕೊಟ್ಟಿದ್ದೆವು. ಕೇಂದ್ರದ ಪಿಂಚಣಿದಾರರು ನವೆಂಬರ್‌ನಲ್ಲಿ ಕೊಡಬೇಕು, 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. 2024ರ ಅಕ್ಟೋಬರ್ ಎರಡನೇ ವಾರದಲ್ಲೇ ತಂಗಿ ಈ ಕೆಲಸ ಮುಗಿಸಿದಳು. ಅಮ್ಮನ ಬೆರಳಚ್ಚು ಯಂತ್ರಕ್ಕೆ ಹತ್ತುವುದಿಲ್ಲ. ನಲವತ್ತು ವರ್ಷ ಅಡಿಕೆ ಸುಲಿದ ಕೈ, ಗೆರೆಗಳೇ ಸವೆದಿವೆ. ಅದಕ್ಕೆ ಮೊಬೈಲ್‌ನಲ್ಲಿ ಮುಖ ತೋರಿಸುವ ದಾರಿ ಹಿಡಿದೆವು. AadhaarFaceRD ಮತ್ತು ಜೀವನ್ ಪ್ರಮಾಣ್ ಆ್ಯಪ್ ಹಾಕಿಕೊಂಡು, ಮೊದಲು ತಂಗಿ ತನ್ನ ಮುಖ ತೋರಿಸಿ ನೋಂದಾಯಿಸಿಕೊಂಡಳು. ಆಮೇಲೆ ಅಮ್ಮನ ಆಧಾರ್, ಪಿಂಚಣಿ ಆದೇಶದ ಪಿಪಿಒ ನಂಬರ್, ಖಾತೆ ನಂಬರ್ ತುಂಬಿದಳು. ಅಮ್ಮ ಬೆಳಕಿಗೆ ಕೂತು ಕಣ್ಣು ಮಿಟುಕಿಸಿದಳು. ಸರ್ಟಿಫಿಕೇಟಿನ ನಂಬರ್ ಆದ ಪ್ರಮಾಣ್ ಐಡಿ ಮೊಬೈಲ್‌ಗೆ ಬಂತು. ಆಯಿತು ಅಂದುಕೊಂಡೆವು.

ಆಗಿರಲಿಲ್ಲ. ಡಿಸೆಂಬರ್ ಪಿಂಚಣಿ ಬರಲಿಲ್ಲ.

ನಾಗಪುರದಲ್ಲಿರುವ ಅದೇ ಬ್ಯಾಂಕಿನ ಶಾಖೆಗೆ ತಂಗಿ ಅಮ್ಮನನ್ನು ಆಟೋದಲ್ಲಿ ಕರೆದುಕೊಂಡು ಹೋದಳು. ನಿಮ್ಮ ಶಾಖೆ ತುಮಕೂರು, ಅಲ್ಲಿಗೇ ಹೋಗಿ ಅಂದರು. ಪಿಂಚಣಿ ಕೊಡುವ ಬ್ಯಾಂಕಿನ ಯಾವುದೇ ಶಾಖೆ ಲೈಫ್ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು, ತೆಗೆದುಕೊಂಡಿದ್ದಕ್ಕೆ ಸಹಿ ಹಾಕಿದ ರಸೀದಿ ಕೊಡಬೇಕು ಎಂದು ಆರ್‌ಬಿಐ ಹೇಳಿದೆ. ಇದು ನಿಮಗೆ ಗೊತ್ತೇ ಇರುತ್ತದೆ. ಕೌಂಟರ್‌ನಲ್ಲಿ ಕೂತವರಿಗೆ ಗೊತ್ತಿರಲಿಲ್ಲ.

ಜನವರಿ ಕೊನೆಗೆ ಅಮ್ಮನನ್ನು ರೈಲಿನಲ್ಲಿ ಕರೆತಂದೆವು. ಒಂದು ರಾತ್ರಿ, ಒಂದು ಹಗಲು. ಮಂಡಿ ಮಡಚಲಾಗದ ಹೆಂಗಸು. ಶೌಚಕ್ಕೆ ಎಬ್ಬಿಸಿ ಕರೆದೊಯ್ಯಲು ಇಬ್ಬರು ಬೇಕು. ಕಷ್ಟ ಕೊಡಬಾರದು ಅಂತ ದಾರಿಯುದ್ದಕ್ಕೂ ನೀರೇ ಕುಡಿಯಲಿಲ್ಲ. ತುಮಕೂರಿನ ಶಾಖೆಯಲ್ಲಿ ಎರಡೂವರೆ ಗಂಟೆ ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಒಬ್ಬರು ಕಂಪ್ಯೂಟರ್ ನೋಡಿ ಹೇಳಿದರು: ಅಕ್ಟೋಬರ್‌ನಲ್ಲಿ ಬಂದಿತ್ತು, ರಿಜೆಕ್ಟ್ ಆಗಿದೆ. ಪಿಂಚಣಿಯ ಬಗೆ ಕೇಳುವ ಜಾಗದಲ್ಲಿ Family ಅನ್ನುವುದರ ಬದಲು Service ಒತ್ತಿದ್ದೀರಿ.

ತಪ್ಪು ನಮ್ಮದೇ, ಒಪ್ಪುತ್ತೇನೆ. ಆದರೆ ಅದನ್ನು ಯಾರು ಹೇಳಬೇಕಿತ್ತು? ಪ್ರಮಾಣ್ ಐಡಿ ಬಂದರೆ ಸರ್ಟಿಫಿಕೇಟ್ ತಯಾರಾಗಿದೆ ಅಂತ ಮಾತ್ರ ಅರ್ಥ. ಅದನ್ನು ಒಪ್ಪುವುದು, ಬಿಡುವುದು ಪಿಂಚಣಿ ಕೊಡುವ ಬ್ಯಾಂಕಿನ ಕೆಲಸ. ವಿವರ ತಪ್ಪಿದ್ದರೆ ಸರಿ ವಿವರ ಹಾಕಿ ಹೊಸದಾಗಿ ಇನ್ನೊಂದು ಮಾಡಿದರೆ ಸಾಕು, ಹೊಸ ಐಡಿ ಬರುತ್ತದೆ. ನಾಗಪುರದ ಮನೆಯಲ್ಲೇ ಹತ್ತು ನಿಮಿಷದ ಕೆಲಸ. ನವೆಂಬರ್ 30ರವರೆಗೆ ಒಂದೂವರೆ ತಿಂಗಳು ಸಮಯವಿತ್ತು. ಆ ಒಂದೂವರೆ ತಿಂಗಳಲ್ಲಿ ತಂಗಿಯ ಮೊಬೈಲ್‌ಗೆ ಒಂದು ಸಾಲಿನ ಸಂದೇಶವೂ ಬರಲಿಲ್ಲ. ಅಮ್ಮ ಆ ರೈಲು ಹತ್ತಬೇಕಾಗಿಯೇ ಇರಲಿಲ್ಲ ಸ್ವಾಮಿ.

ತುಮಕೂರಿನ ಶಾಖೆಯಲ್ಲಿ ಬೆರಳಚ್ಚು ಮೂರು ಸಲ ಸೋತಿತು. ಕೊನೆಗೆ ಕಾಗದದ ಫಾರಂ ತುಂಬಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಬಾಕಿ ಹಣ ಬಂದಿದ್ದು ಮಾರ್ಚ್ ಪಿಂಚಣಿಯ ಜೊತೆಗೆ. ಅಷ್ಟು ದಿನ ಅವಳ ಬಿಪಿ, ಶುಗರ್ ಮಾತ್ರೆಗೆ ನಾನು ಕೊಟ್ಟೆ, ಇರಲಿ. ಮಗನಿಲ್ಲದ ತಾಯಿಗೆ ಯಾರು ಕೊಡುತ್ತಾರೆ? 70 ರೂಪಾಯಿಗೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಲೈಫ್ ಸರ್ಟಿಫಿಕೇಟ್ ಮಾಡಿಕೊಡುತ್ತಾರೆ, ಒಳ್ಳೆಯದೇ. ಆದರೆ ಆ ಸರ್ಟಿಫಿಕೇಟನ್ನೂ ಬ್ಯಾಂಕ್ ಒಪ್ಪಬೇಕಲ್ವಾ? ಒಪ್ಪದಿದ್ದರೆ ಅದನ್ನೂ ಯಾರಾದರೂ ಹೇಳಬೇಕಲ್ವಾ?

ನಾನು ಕೇಳುವುದು ಒಂದೇ. ರಿಜೆಕ್ಟ್ ಮಾಡಿದ ದಿನವೇ, ಕಾರಣದ ಸಮೇತ, ಕನ್ನಡದಲ್ಲಿ ತಿಳಿಸಲಿ. ತಿಳಿಸದೆ ಪಿಂಚಣಿ ನಿಲ್ಲಿಸಬಾರದು. ಜಿಲ್ಲೆಯ ಬ್ಯಾಂಕುಗಳ ಸಭೆಯಲ್ಲಿ ನೀವು ಇದನ್ನು ಎತ್ತಬಹುದು, ಸಂಸತ್ತಿನಲ್ಲಿ ಒಂದು ಪ್ರಶ್ನೆ ಹಾಕಬಹುದು. ಎಷ್ಟು ಜನರ ಸರ್ಟಿಫಿಕೇಟ್ ರಿಜೆಕ್ಟ್ ಆಯಿತು, ಅವರಲ್ಲಿ ಎಷ್ಟು ಜನರಿಗೆ ತಿಳಿಸಿದರು ಎಂದು ಕೇಳಿ.

ಮತ್ತೆ ಅಕ್ಟೋಬರ್ ಬರುತ್ತದೆ. ಈ ಸಲ Family ಅಂತಲೇ ಒತ್ತುತ್ತೇವೆ. ಬೇರೆ ಯಾವುದಾದರೂ ತಪ್ಪಾದರೆ ಹೇಳಿ. ಹೇಳದೆ ನಿಲ್ಲಿಸಬೇಡಿ.

ಇಂತಿ,
ಗುಬ್ಬಿ ತಾಲ್ಲೂಕಿನ ನಿಮ್ಮ ಒಬ್ಬ ಮತದಾರ