ಬಾಗಿದ ಹಪ್ಪಳ

ನಮ್ಮ ಹಪ್ಪಳದ ಕೆಲಸಕ್ಕೆ ಸಂದ ಈ ಪ್ರಶಸ್ತಿ ಫಲಕ ಕೈಗೆ ಬಂದಾಗ ನೆನಪಾದದ್ದು ಶಿರಸಿಯ ಬಸ್ ನಿಲ್ದಾಣ. ನನ್ನ ಮೊದಲ 40 ಕಟ್ಟು ಹಲಸಿನ ಹಪ್ಪಳಕ್ಕೆ ಬೂಸ್ಟು ಹಿಡಿದು, ಅಂಗಡಿಯವರು ಹಿಂದಿರುಗಿಸಿದ್ದರು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಒಂದನ್ನು ತೆಗೆದು ಬಗ್ಗಿಸಿದರು.

“ನೋಡು ತಂಗಿ, ಬಾಗುತ್ತದೆ. ಒಣಗಿದ್ದರೆ ಟಕ್ಕೆಂದು ಮುರಿಯಬೇಕು. ಅಂಚಲ್ಲ, ನಡು ನೋಡು. ಬಿಸಿಲಿನಿಂದ ತೆಗೆದ ಕೂಡಲೇ ಕಟ್ಟಬೇಡ, ಒಳಗೇ ಬೆವರುತ್ತದೆ. ಆರಲಿ.”

ಹೆಸರು ಕೇಳುವಷ್ಟರಲ್ಲಿ ಅವರ ಬಸ್ ಹೊರಟಿತ್ತು.

ಅಂದಿನಿಂದ ಅಮ್ಮ, ಅಕ್ಕಂದಿರು ಒತ್ತಿದ ಹಪ್ಪಳವನ್ನು, ದಿನವಿಡೀ ಕಾಗೆ ಓಡಿಸಿದ ಅಪ್ಪ (ಬಂಡವಾಳವೂ ಅವರದೇ) ಮುರಿದು ನೋಡುತ್ತಾರೆ. ಟಕ್ಕೆನ್ನದಿದ್ದರೆ, ಕಂಡಕ್ಟರಣ್ಣ ಎಷ್ಟೇ ಕಾದರೂ ಮೂಟೆ ಬಸ್ ಹತ್ತುವುದಿಲ್ಲ.

ಅಜ್ಜೀ, ಅಂದು ನಿಮ್ಮ ಕೈ ಸೇರಿದ್ದು ಬೂಸ್ಟು ಹಿಡಿದ ಹಪ್ಪಳ. ಒಳ್ಳೆಯದೊಂದು ಕಟ್ಟು ನಿಮಗೆ ಬಾಕಿ ಇದೆ.